ಫ್ರೀ ಡೆಲಿವರಿ ಗೆರೆ ಎಲ್ಲಿ ಎಳೆಯಬೇಕು? ಬುಟ್ಟಿ ತುಂಬಿದರೂ ಲಾಭ ಕರಗದ ಲೆಕ್ಕ

ಆನ್‌ಲೈನ್ ಅಂಗಡಿ ತೆರೆಯುವವರಿಗೆ ಸೆಟ್ಟಿಂಗ್ಸ್‌ನಲ್ಲಿ ಒಂದು ಖಾಲಿ ಜಾಗ ಎದುರಾಗುತ್ತದೆ. 'ಎಷ್ಟರ ಮೇಲಿನ ಆರ್ಡರ್‌ಗೆ ಡೆಲಿವರಿ ಫ್ರೀ?' ಅಲ್ಲಿ ಒಂದು ಅಂಕಿ ತುಂಬಬೇಕು. ಹೆಚ್ಚಿನವರು ಪಕ್ಕದ ಅಂಗಡಿಯವರು ಏನು ಹಾಕಿದ್ದಾರೆ ನೋಡಿ ಅದನ್ನೇ ಹಾಕುತ್ತಾರೆ. ಇಲ್ಲವೇ 499, 999 ಎಂದು ನೋಡಲು ಚೆಂದ ಇರುವ ಒಂದು ಅಂಕಿ ಬರೆದು ಮುಂದೆ ಹೋಗುತ್ತಾರೆ.

ಒಂದೆರಡು ತಿಂಗಳಾದ ಮೇಲೆ ವಿಚಿತ್ರ ಒಂದು ಕಾಣುತ್ತದೆ. ಆರ್ಡರ್‌ಗಳು ದೊಡ್ಡದಾಗಿವೆ, ಮಾರಾಟ ಏರಿದೆ, ಆದರೆ ಕೈಯಲ್ಲಿ ಉಳಿಯುವ ಹಣ ಮೊದಲಿಗಿಂತ ಕಡಿಮೆ. ಇದು ಹೇಗೆ ಸಾಧ್ಯ? ಉತ್ತರಕ್ಕೆ ಬೇಕಾಗಿರುವುದು ಶಾಲೆಯ ಗಣಿತ ಮಾತ್ರ. ಇಲ್ಲಿ ಬರುವ ಅಂಕಿಗಳು ಉದಾಹರಣೆಗೆ ಮಾಡಿಕೊಂಡವು. ಅವುಗಳ ಮುಂದೆ ಯಾವ ನಾಣ್ಯ ಬೇಕಾದರೂ ಇಟ್ಟುಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ.

## ಮೊದಲು ಮೂರು ಮಾತು

ಗಿರಾಕಿ ಒಂದು ಸಲಕ್ಕೆ ಕೊಳ್ಳುವ ಸಾಮಾನಿನ ಒಟ್ಟು ಬೆಲೆಯನ್ನು ಬುಟ್ಟಿ ಎನ್ನೋಣ. ಎಷ್ಟು ಬೆಲೆ ದಾಟಿದರೆ ಡೆಲಿವರಿ ಚಾರ್ಜ್ ಹಾಕುವುದಿಲ್ಲವೋ ಅದು ಗೆರೆ. ಮೂರನೆಯದು ಮಾರ್ಜಿನ್. ನೂರಕ್ಕೆ ಮಾರಿದಾಗ, ಸಾಮಾನು ತಂದ ಬೆಲೆ, ಪ್ಯಾಕಿಂಗ್, ಆನ್‌ಲೈನ್ ಪಾವತಿಯ ಕಮಿಷನ್ ಎಲ್ಲ ಕಳೆದು ಉಳಿಯುವ ಪಾಲು ಇದು. ಅಂಗಡಿಯ ಬಾಡಿಗೆ, ಸಂಬಳ ಇದರಲ್ಲಿ ಸೇರಿಲ್ಲ. ಅವು ಒಂದು ಆರ್ಡರ್ ಜಾಸ್ತಿ ಬಂದರೂ ಕಡಿಮೆ ಬಂದರೂ ಅಷ್ಟೇ ಇರುತ್ತವೆ.

ಎಡವುವುದು ಹೆಚ್ಚಾಗಿ ಮಾರ್ಜಿನ್ ವಿಷಯದಲ್ಲೇ. ತಂದ ಬೆಲೆಯನ್ನಷ್ಟೇ ಕಳೆದು 'ನನಗೆ ನೂರಕ್ಕೆ ಐವತ್ತು ಸಿಗುತ್ತದೆ' ಎಂದುಕೊಂಡಿರುತ್ತಾರೆ. ಡಬ್ಬ, ಟೇಪು, ಕಮಿಷನ್ ಎಲ್ಲ ಕಳೆದರೆ ಅದು ನಲವತ್ತಕ್ಕೆ ಇಳಿದಿರುತ್ತದೆ. ಮುಂದಿನ ಇಡೀ ಲೆಕ್ಕ ಈ ಒಂದು ಅಂಕಿಯ ಮೇಲೆ ನಿಂತಿದೆ.

ಇನ್ನು 'ಫ್ರೀ' ಎಂಬ ಮಾತು. ಕೊರಿಯರ್‌ನವರು ಯಾರಿಗೂ ಫ್ರೀ ಕೊಡುವುದಿಲ್ಲ. ಗಿರಾಕಿ ಕೊಡದಿದ್ದರೆ ಅಂಗಡಿಯವರು ಕೊಡುತ್ತಾರೆ, ಅಷ್ಟೇ.

## ಗಿರಾಕಿ ಯಾಕೆ ಇನ್ನೊಂದು ಸೇರಿಸುತ್ತಾರೆ

ಬಾಡಿಗೆ ಗಾಡಿಯನ್ನು ನೆನೆಸಿಕೊಳ್ಳಿ. ಒಂದು ಮೂಟೆ ಹಾಕಿದರೂ ಮೂರು ಮೂಟೆ ಹಾಕಿದರೂ ಬಾಡಿಗೆ ಹೆಚ್ಚುಕಡಿಮೆ ಒಂದೇ. ಅಂಗಡಿಯವರಿಗೆ ಈ ಯೋಜನೆ ಹಿಡಿಸುವುದು ಇದೇ ಕಾರಣಕ್ಕೆ. ಹೇಗೂ ಗಾಡಿ ಹೋಗುತ್ತದೆ, ಇನ್ನೊಂದು ಮೂಟೆ ಹೋಗಲಿ.

ಗಿರಾಕಿಯ ಲೆಕ್ಕ ಬೇರೆ. ಡೆಲಿವರಿಗೆ ಕೊಟ್ಟ 60 ಅವರಿಗೆ ದಂಡ ಕಟ್ಟಿದ ಹಾಗೆ, ಕೈಗೆ ಏನೂ ಸಿಗುವುದಿಲ್ಲ. ಅದೇ 60ರ ಜೊತೆ ಇನ್ನಷ್ಟು ಹಾಕಿದರೆ ಒಂದು ವಸ್ತುವಾದರೂ ಮನೆಗೆ ಬರುತ್ತದೆ. ಗೆರೆ ಹತ್ತಿರವಾದಷ್ಟೂ ಈ ಸೆಳೆತ ಜೋರಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಲಾರ್ಕ್ ಹಲ್ 1932ರಲ್ಲಿ ಇಂಥದ್ದೊಂದು ಮಾತು ಮುಂದಿಟ್ಟರು: ದಾರಿಯ ಕೊನೆಯಲ್ಲಿ ಆಹಾರ ಇದ್ದರೆ, ಅದು ಹತ್ತಿರವಾದಂತೆ ಇಲಿಯ ಓಟ ಬಿರುಸಾಗುತ್ತದೆ. 'ಇನ್ನು 130 ಸೇರಿಸಿದರೆ ಡೆಲಿವರಿ ಫ್ರೀ' ಎಂಬ ಪಟ್ಟಿ ಕಾರ್ಟ್‌ನಲ್ಲಿ ಕಾಣುವುದರ ಹಿಂದೆ ಇರುವುದು ಇದೇ ಗುಣ.

ಆದರೆ ತೊಡಕು ಇಲ್ಲೇ ಇದೆ. ಗೆರೆಗೆ ತೀರಾ ಹತ್ತಿರ ಇರುವವರು ಸಲೀಸಾಗಿ ದಾಟುತ್ತಾರೆ. ಆದರೆ ಅವರಿಂದ ಅಂಗಡಿಗೆ ನಷ್ಟ. ದೂರ ಇರುವವರು ದಾಟಿದರೆ ಲಾಭ. ಅವರು ದಾಟುವುದು ಅಪರೂಪ.

## ಎಲ್ಲಕ್ಕಿಂತ ಮೊದಲು ಮಾಡಬೇಕಾದ ಭಾಗಾಕಾರ

ನೋಟ್‌ಬುಕ್, ಪೆನ್ನು, ಬಣ್ಣ ಮಾರುವ ಒಂದು ಆನ್‌ಲೈನ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಮಾರ್ಜಿನ್ ನೂರಕ್ಕೆ 40. ಒಂದು ಪಾರ್ಸೆಲ್ ಕಳಿಸಲು ಕೊರಿಯರ್‌ಗೆ 60 ಆಗುತ್ತದೆ. ಸದ್ಯಕ್ಕೆ ಆ 60 ಅನ್ನು ಗಿರಾಕಿಯಿಂದಲೇ ಪಡೆಯುತ್ತಾರೆ.

ಈಗ 500ಕ್ಕೆ ಗೆರೆ ಎಳೆದರು. 450ರ ಬುಟ್ಟಿ ಹಿಡಿದು ಬಂದ ಗಿರಾಕಿ 50ರ ಒಂದು ಪೆನ್ನು ಸೇರಿಸಿ ಗೆರೆ ಮುಟ್ಟಿದರು. ಆ ಪೆನ್ನಿನಿಂದ ಅಂಗಡಿಗೆ ಬಂದ ಮಾರ್ಜಿನ್ 20. ಬಿಟ್ಟುಕೊಟ್ಟ ಡೆಲಿವರಿ ಚಾರ್ಜ್ 60. ಅಂದರೆ ಬುಟ್ಟಿ ದೊಡ್ಡದಾಯಿತು, ಜೇಬಿನಿಂದ 40 ಹೋಯಿತು. ಪೆನ್ನು ಸುಮ್ನೆ ಕೊಟ್ಟು, ಮೇಲೆ ಸ್ವಲ್ಪ ಹಣವನ್ನೂ ಕೊಟ್ಟ ಹಾಗೆ.

ಹಾಗಾದರೆ ಗಿರಾಕಿ ಎಷ್ಟು ಸೇರಿಸಿದರೆ ಸರಿಹೋಗುತ್ತದೆ? ಸಾಗಣೆ ವೆಚ್ಚವನ್ನು ಮಾರ್ಜಿನ್‌ನಿಂದ ಭಾಗಿಸಿದರೆ ಸಿಗುತ್ತದೆ.

```
ಕನಿಷ್ಠ ಸೇರ್ಪಡೆ = ಸಾಗಣೆ ವೆಚ್ಚ ÷ ಮಾರ್ಜಿನ್
             = 60 ÷ 0.40
             = 150
```

ಗಿರಾಕಿ 150ಕ್ಕಿಂತ ಜಾಸ್ತಿ ಸೇರಿಸಿದರೆ ಲಾಭ. ಕಡಿಮೆ ಸೇರಿಸಿದರೆ ನಷ್ಟ. ಮಾರ್ಜಿನ್ ನೂರಕ್ಕೆ 20 ಮಾತ್ರ ಇರುವ ಅಂಗಡಿಯಾದರೆ ಈ ಅಂಕಿ 300 ಆಗುತ್ತದೆ. ಒಂದೇ ಗೆರೆ ಒಬ್ಬರಿಗೆ ಒಗ್ಗಿ, ಪಕ್ಕದವರನ್ನು ಮುಳುಗಿಸುವುದು ಇದಕ್ಕೇ.

## ಸರಾಸರಿ ನೋಡಿದರೆ ಮೋಸ ಹೋಗುತ್ತೀರಿ

ಗೆರೆ ಹಾಕಲು ಎಲ್ಲೆಡೆ ಕೇಳಿಬರುವ ಸಲಹೆ ಒಂದಿದೆ: 'ಸರಾಸರಿ ಬುಟ್ಟಿ ಎಷ್ಟಿದೆ ನೋಡಿ, ಅದರ ಮೇಲೆ ನೂರಕ್ಕೆ ಇಪ್ಪತ್ತೋ ಮೂವತ್ತೋ ಸೇರಿಸಿ.' ಕೇಳಲು ಸರಿಯಾಗಿಯೇ ಇದೆ. ನಮ್ಮ ಅಂಗಡಿಯ ಒಂದು ತಿಂಗಳ 1000 ಆರ್ಡರ್‌ಗಳನ್ನು ಬಿಡಿಸಿ ನೋಡೋಣ.

| ಬುಟ್ಟಿ | ಆರ್ಡರ್ | ಗುಂಪಿನ ಸರಾಸರಿ |
|---|---|---|
| 300ಕ್ಕಿಂತ ಕಡಿಮೆ | 200 | 200 |
| 300ರಿಂದ 500 | 400 | 400 |
| 500ರಿಂದ 700 | 200 | 600 |
| 700ರಿಂದ 1000 | 120 | 820 |
| 1000ಕ್ಕಿಂತ ಮೇಲೆ | 80 | 1800 |

ಒಟ್ಟು ಮಾರಾಟವನ್ನು 1000ದಿಂದ ಭಾಗಿಸಿದರೆ ಸರಾಸರಿ ಸುಮಾರು 562. ಆದರೆ ಜನ ಗುಂಪಾಗಿ ನಿಂತಿರುವುದು 400ರ ಆಸುಪಾಸಿನಲ್ಲಿ. ಸಾವಿರದಲ್ಲಿ ಆರು ನೂರು ಆರ್ಡರ್‌ಗಳು 500 ಕೂಡ ದಾಟಿಲ್ಲ. 1800ರಂಥ ಕೆಲವು ದೊಡ್ಡ ಆರ್ಡರ್‌ಗಳು ಸರಾಸರಿಯನ್ನು ಮೇಲಕ್ಕೆ ಎಳೆದಿವೆ, ಅಷ್ಟೇ. ಒಬ್ಬ ಎತ್ತರದ ಮನುಷ್ಯ ಸಾಲಿನಲ್ಲಿ ನಿಂತ ಮಾತ್ರಕ್ಕೆ ಉಳಿದವರು ಉದ್ದವಾಗುವುದಿಲ್ಲವಲ್ಲ.

ಹಾಗಾಗಿ ಬೇಕಿರುವುದು ಒಂದು ಸರಾಸರಿ ಅಲ್ಲ, ಈ ಪಟ್ಟಿ. ಅಂಗಡಿಯ ಆರ್ಡರ್‌ಗಳನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿಕೊಂಡು ನೂರು, ಇನ್ನೂರರ ಗುಂಪು ಮಾಡಿದರೆ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಡೆಲಿವರಿ ಚಾರ್ಜ್ ಸೇರಿಸದೆ, ಸಾಮಾನಿನ ಬೆಲೆ ಮಾತ್ರ ತೆಗೆದುಕೊಳ್ಳಬೇಕು.

## ಮೂರು ಗೆರೆ, ಮೂರು ಫಲಿತಾಂಶ

ಯಾವ ಗೆರೆ ಎಳೆದರೂ ಗಿರಾಕಿಗಳು ಮೂರು ಗುಂಪಾಗುತ್ತಾರೆ. ಕೆಲವರು ಮೊದಲೇ ಗೆರೆಯ ಮೇಲಿದ್ದಾರೆ. ಅವರು ಏನನ್ನೂ ಸೇರಿಸುವುದಿಲ್ಲ, ಸುಮ್ಮನೆ ತಲಾ 60 ಉಳಿಸಿಕೊಳ್ಳುತ್ತಾರೆ. ಕೆಲವರು ಗೆರೆಯ ಕೆಳಗಿದ್ದು, ಇನ್ನಷ್ಟು ಕೊಂಡು ದಾಟುತ್ತಾರೆ. ಉಳಿದವರು ದೂರದಲ್ಲಿದ್ದಾರೆ, ಮೊದಲಿನಂತೆ ಚಾರ್ಜ್ ಕೊಡುತ್ತಾರೆ. ಲೆಕ್ಕ ಹಾಕುವಾಗ ಮರೆತುಹೋಗುವುದು ಮೊದಲ ಗುಂಪು. ದುಡ್ಡು ಸೋರುವುದೂ ಅಲ್ಲೇ.

ಗೆರೆಯ ಕೆಳಗಿನ ಮೊದಲ ಗುಂಪಿನಲ್ಲಿ ನೂರಕ್ಕೆ 35 ಜನ, ಅದರ ಕೆಳಗಿನ ಗುಂಪಿನಲ್ಲಿ 15, ಅದಕ್ಕೂ ಕೆಳಗೆ 3 ಜನ ದಾಟುತ್ತಾರೆ, 300ಕ್ಕಿಂತ ಕಡಿಮೆ ಬುಟ್ಟಿಯವರು ಮಾತ್ರ ಯಾವ ಗೆರೆಯನ್ನೂ ದಾಟುವುದಿಲ್ಲ ಎಂದು ಊಹಿಸೋಣ. ಇದು ಊಹೆ ಮಾತ್ರ. ನಿಮ್ಮ ಅಂಗಡಿಯ ನಿಜವಾದ ಅಂಕಿ ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಗೆರೆಗೆ ಸರಿಯಾಗಿ ಯಾರೂ ನಿಲ್ಲುವುದಿಲ್ಲ, ವಸ್ತುಗಳ ಬೆಲೆ ಹಾಗೆ ಕೂಡಿಬರುವುದಿಲ್ಲ. ಹಾಗಾಗಿ ದಾಟಿದವರು ಗೆರೆಗಿಂತ 40 ಮೇಲೆ ನಿಲ್ಲುತ್ತಾರೆ ಎಂದುಕೊಳ್ಳಿ.

ಗೆರೆ 500. ಮೊದಲೇ ಮೇಲಿರುವ ಆರ್ಡರ್ 400. ಅವರಿಗೆ ಬಿಟ್ಟುಕೊಟ್ಟ ಡೆಲಿವರಿಯೇ 24,000. ಕೆಳಗಿನ ಗುಂಪಿನವರು 400ರಿಂದ 540ಕ್ಕೆ ಏರಿದರೂ ಸೇರಿಸಿದ್ದು 140, ಅಂದರೆ 150ಕ್ಕೂ ಕಡಿಮೆ. ಈ ಗೆರೆಯ ಕಥೆ ಇಲ್ಲಿಗೇ ಮುಗಿಯಿತು.

ಗೆರೆ 700. ಇದು 'ಸರಾಸರಿಗಿಂತ ಕಾಲುಭಾಗ ಮೇಲೆ' ಸಲಹೆಯಂತೆ ಬರುವ ಗೆರೆ. ಮೊದಲೇ ಮೇಲಿರುವವರು 200, ಅವರಿಗೆ ಹೋದದ್ದು 12,000. 600ರ ಗುಂಪಿನಲ್ಲಿ 70 ಜನ ದಾಟುತ್ತಾರೆ, ತಲಾ 140 ಸೇರಿಸುತ್ತಾರೆ. ಬಂದ ಮಾರ್ಜಿನ್ 56, ಬಿಟ್ಟದ್ದು 60. ತಲಾ 4 ನಷ್ಟ, ಒಟ್ಟು 280. ಆದರೆ 400ರ ಗುಂಪಿನಲ್ಲಿ 60 ಜನ ತಲಾ 340 ಸೇರಿಸಿ ದಾಟುತ್ತಾರೆ. ಅವರಿಂದ ತಲಾ 76 ಲಾಭ, ಒಟ್ಟು 4,560. ಎಲ್ಲ ಕೂಡಿಸಿ ಕಳೆದರೆ ತಿಂಗಳಿಗೆ 7,720 ನಷ್ಟ.

ಗೆರೆ 1000. ಮೊದಲೇ ಮೇಲಿರುವವರು 80 ಮಾತ್ರ, ಹೋದದ್ದು 4,800. 820ರ ಗುಂಪಿನಿಂದ 42 ಜನ ತಲಾ 220 ಸೇರಿಸಿದರೆ ತಲಾ 28 ಲಾಭ, ಒಟ್ಟು 1,176. 600ರ ಗುಂಪಿನಿಂದ 30 ಜನ ತಲಾ 440 ಸೇರಿಸಿದರೆ 3,480. 400ರ ಗುಂಪಿನಿಂದ 12 ಜನ ಅಷ್ಟು ದೂರ ಬಂದರೆ 2,352. ಒಟ್ಟು ತಿಂಗಳಿಗೆ 2,208 ಲಾಭ.

ನೋಡಬೇಕಾದ್ದು ಇನ್ನೊಂದಿದೆ. 700ರ ಗೆರೆಯಲ್ಲಿ ಹೆಚ್ಚುವರಿ ಮಾರಾಟ 30,200. 1000ದ ಗೆರೆಯಲ್ಲಿ 30,120. ಅಂದರೆ ಎರಡರಲ್ಲೂ ಸರಾಸರಿ ಬುಟ್ಟಿ 562ರಿಂದ ಸುಮಾರು 592ಕ್ಕೆ ಏರುತ್ತದೆ. ರಿಪೋರ್ಟ್‌ನಲ್ಲಿ 'ಸರಾಸರಿ ಆರ್ಡರ್ ಮೊತ್ತ' ಮಾತ್ರ ನೋಡುವವರಿಗೆ ಎರಡೂ ಒಂದೇ. ಒಂದು ಸುಮಾರು ಎಂಟು ಸಾವಿರ ನುಂಗುತ್ತದೆ, ಇನ್ನೊಂದು ಎರಡು ಸಾವಿರ ಕೊಡುತ್ತದೆ.

1000ದ ಗೆರೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ದೂರದಿಂದ ಬರುವ ಆ 12 ಜನ ಬರದಿದ್ದರೆ ಲಾಭ ಹೋಗಿ 144 ನಷ್ಟ ಬರುತ್ತದೆ. ಲೆಕ್ಕ ಇಷ್ಟು ಸಣ್ಣ ಗುಂಪಿನ ಮೇಲೆ ನಿಂತಿದ್ದರೆ, ಆ ಗೆರೆ ಹೆಚ್ಚುಕಡಿಮೆ ಸಮಸಮ ಎಂದೇ ತಿಳಿಯಬೇಕು.

## ಹಾಗಾದರೆ 700 ಹಾಕಲೇಬಾರದಾ?

ಹಾಗೇನಿಲ್ಲ. ಮೇಲಿನ ಲೆಕ್ಕದಲ್ಲಿ ಆರ್ಡರ್‌ಗಳ ಸಂಖ್ಯೆ 1000ವೇ ಉಳಿಯುತ್ತದೆ ಎಂದುಕೊಂಡಿದ್ದೆವು. ನಿಜದಲ್ಲಿ ಕಾರ್ಟ್ ತುಂಬಿ, ಕೊನೆಯಲ್ಲಿ ಡೆಲಿವರಿ ಚಾರ್ಜ್ ನೋಡಿ ಹೊರಟುಹೋಗುವವರು ಇದ್ದಾರೆ. ಅವರಲ್ಲಿ ಕೆಲವರು ಗೆರೆ ಇದ್ದರೆ ಉಳಿಯುತ್ತಾರೆ.

ಹೊಸದಾಗಿ ಬಂದ 740ರ ಒಂದು ಆರ್ಡರ್ ಅಂಗಡಿಗೆ 296 ಮಾರ್ಜಿನ್ ತರುತ್ತದೆ. ಕೊರಿಯರ್ 60 ಕಳೆದರೆ 236. ಹಾಗಾದರೆ 7,720ರ ಹಳ್ಳ ತುಂಬಲು 33 ಹೊಸ ಆರ್ಡರ್ ಬೇಕು. ಸಾವಿರಕ್ಕೆ 33. ಈಗ ಪ್ರಶ್ನೆ 'ಫ್ರೀ ಡೆಲಿವರಿ ಒಳ್ಳೆಯದಾ?' ಎಂಬುದಲ್ಲ. 'ತಿಂಗಳಿಗೆ 33 ಆರ್ಡರ್ ಹೆಚ್ಚು ಬಂತಾ?' ಎಂಬುದು. ಇದನ್ನು ಎಣಿಸಬಹುದು. ಕಾರ್ಟ್ ತುಂಬಿ ಬಿಟ್ಟುಹೋಗುವವರು ಬಹಳ ಇರುವ ಅಂಗಡಿಯಲ್ಲಿ 33 ಬರಬಹುದು. ಅಂಥವರು ಕಡಿಮೆ ಇದ್ದರೆ ಬರಲಿಕ್ಕಿಲ್ಲ.

ಈಗಾಗಲೇ ಎಲ್ಲರಿಗೂ ಫ್ರೀ ಕೊಡುತ್ತಿರುವ ಅಂಗಡಿಗೆ ಲೆಕ್ಕ ತಿರುಗುತ್ತದೆ. 200ರ ಬುಟ್ಟಿಯಿಂದ ಅವರಿಗೆ ಸಿಗುವ ಮಾರ್ಜಿನ್ 80, ಅದರಲ್ಲಿ ಕೊರಿಯರ್‌ಗೆ 60 ಹೋಗಿ ಉಳಿಯುವುದು 20. ಗೆರೆ ಬಂದು ಆ ಗಿರಾಕಿ ಬಿಟ್ಟುಹೋದರೆ 20 ನಷ್ಟ. ಉಳಿದುಕೊಂಡು ಚಾರ್ಜ್ ಕೊಟ್ಟರೆ 60 ಲಾಭ. ಮೂವರು ಹೋದರೂ ಒಬ್ಬರು ಉಳಿದರೆ ಸರಿಸಮ. ಸಣ್ಣ ಆರ್ಡರ್ ಕಳೆದುಕೊಳ್ಳುವ ಭಯ ಬಹಳ ಸಲ ಅಂಕಿಗಿಂತ ದೊಡ್ಡದಾಗಿರುತ್ತದೆ.

## ಗೆರೆ ದಾಟಲು ಏಣಿ

ಗೆರೆ ಎಲ್ಲಿ ಎಂಬುದು ನಿಮ್ಮ ವಸ್ತುಗಳ ಬೆಲೆಗೂ ಹೊಂದಬೇಕು. ಜನ ಹೆಚ್ಚು ಕೊಳ್ಳುವ ವಸ್ತು 450 ಎಂದಿರಲಿ. ಗೆರೆ 1000 ಆದರೆ ಎರಡು ಕೊಂಡರೂ 900, ಇನ್ನೂ 100 ಸಾಲದು. ಗಿರಾಕಿಗೆ ರೇಗುತ್ತದೆ. ಗೆರೆ 900 ಆದರೆ 'ಒಂದರ ಬದಲು ಎರಡು' ಎಂಬ ಸುಲಭದ ಹೆಜ್ಜೆ ಸಿಗುತ್ತದೆ. ಆ ಹೆಜ್ಜೆಯಲ್ಲಿ ಸೇರುವುದು 450, ನಮ್ಮ 150ರ ಮೂರರಷ್ಟು. ಇಂಥ ಜೋಡಿ ಕೂಡಿಬಂದರೆ ಸ್ಪ್ರೆಡ್‌ಶೀಟ್ ಹೇಳಿದ ಅಂಕಿಯನ್ನು ಸ್ವಲ್ಪ ಆಚೀಚೆ ಮಾಡುವುದರಲ್ಲಿ ತಪ್ಪಿಲ್ಲ.

ಕಾರ್ಟ್‌ನಲ್ಲಿ 'ಇದನ್ನೂ ಸೇರಿಸಿ' ಎಂದು ತೋರಿಸುವ ವಸ್ತುಗಳೂ ಮುಖ್ಯ. ಹಗುರ ಇರಬೇಕು, ಮಾರ್ಜಿನ್ ಹೆಚ್ಚಿರಬೇಕು, ಬೆಲೆ 150ರ ಮೇಲಿರಬೇಕು. 20ರ ರಬ್ಬರ್, ಶಾರ್ಪನರ್ ತೋರಿಸಿದರೆ ಗೆರೆಗೆ 20 ದೂರ ಇರುವವರನ್ನು ನೀವೇ ಕೈಹಿಡಿದು ನಷ್ಟದ ಕಡೆ ದಾಟಿಸಿದ ಹಾಗೆ.

## ಲೆಕ್ಕದ ಹೊರಗೆ ಸೋರುವ ಜಾಗಗಳು

ಮೊದಲನೆಯದು ತೂಕ. ಕೊರಿಯರ್ ದರ ಸ್ಲ್ಯಾಬ್‌ನಲ್ಲಿ ಏರುತ್ತದೆ. ಹೆಚ್ಚು ಕೊಂಡರೆ ಪಾರ್ಸೆಲ್ ಮುಂದಿನ ಸ್ಲ್ಯಾಬ್‌ಗೆ ಜಿಗಿದು 60 ಇದ್ದದ್ದು 90 ಆಗಬಹುದು. ಆಗ ಕನಿಷ್ಠ ಸೇರ್ಪಡೆ 150 ಅಲ್ಲ, 225. ಹಗುರವಾದರೂ ದೊಡ್ಡ ಡಬ್ಬಕ್ಕೆ ಗಾತ್ರದ ತೂಕ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಕೊರಿಯರ್‌ಗಳಲ್ಲಿ ಸಾಮಾನ್ಯ. 30, 20, 15ರ ಡಬ್ಬ ಖಾಲಿ ಇದ್ದರೂ 1.8 ಕೆ.ಜಿ. ಲೆಕ್ಕ. ಆದ್ದರಿಂದ ಗೆರೆಯ ಮೇಲಿನ ಆರ್ಡರ್‌ಗಳ ಕೊರಿಯರ್ ಬಿಲ್ ಬೇರೆ ತೆಗೆದು ನೋಡಬೇಕು. ಎಲ್ಲ ಆರ್ಡರ್‌ಗಳ ಸರಾಸರಿ ಬಿಲ್ ಸಾಲದು.

ಎರಡನೆಯದು ಕೂಪನ್. 1000ದ ಬುಟ್ಟಿಗೆ ನೂರಕ್ಕೆ ಹತ್ತರ ಕೂಪನ್ ಹಾಕಿದರೆ ಬರುವ ಹಣ 900. ಸಾಮಾನಿನ ಖರ್ಚು 600 ಹಾಗೆಯೇ ಇದೆ. ಮಾರ್ಜಿನ್ 400ರಿಂದ 300ಕ್ಕೆ ಇಳಿಯಿತು, ಮೇಲೆ ಫ್ರೀ ಡೆಲಿವರಿ ಬೇರೆ. ಗೆರೆಯನ್ನು ಕೂಪನ್ ಕಳೆಯುವ ಮೊದಲಿನ ಮೊತ್ತಕ್ಕೆ ನೋಡಬೇಕೋ, ಕಳೆದ ಮೇಲಿನ ಮೊತ್ತಕ್ಕೋ ಎಂಬುದು ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಕಳೆದ ಮೇಲಿನದ್ದಕ್ಕೆ ಇಟ್ಟರೆ ಈ ಸೋರಿಕೆ ತಗ್ಗುತ್ತದೆ.

ಮೂರನೆಯದು ವಾಪಸ್. 600 ಸಾಕಾಗಿದ್ದ ಗಿರಾಕಿ 400ರ ವಸ್ತು ಸೇರಿಸಿ ಗೆರೆ ಮುಟ್ಟಿ, ಆಮೇಲೆ ಅದನ್ನು ಹಿಂದಿರುಗಿಸಿದರೆ? ಉಳಿದ 600ಕ್ಕೆ ಮಾರ್ಜಿನ್ 240. ಹೋಗುವ ಕೊರಿಯರ್ 60, ಬರುವ ಕೊರಿಯರ್ 60. ಕೈಯಲ್ಲಿ 120. ಗೆರೆಯೇ ಇಲ್ಲದಿದ್ದರೆ ಪೂರ್ತಿ 240 ಸಿಗುತ್ತಿತ್ತು. ಗೆರೆಯ ಸ್ವಲ್ಪ ಮೇಲಿನ ಆರ್ಡರ್‌ಗಳಲ್ಲಿ ವಾಪಸ್ ಉಳಿದೆಡೆಗಿಂತ ಜಾಸ್ತಿ ಇದ್ದರೆ ಇದೇ ನಡೆಯುತ್ತಿದೆ ಎಂದರ್ಥ. ವಾಪಸ್ ಆದ ಮೇಲೆ ಬುಟ್ಟಿ ಗೆರೆಗಿಂತ ಕೆಳಗಿಳಿದರೆ ಡೆಲಿವರಿ ಚಾರ್ಜ್ ಹಿಡಿದುಕೊಳ್ಳುವ ನಿಯಮವನ್ನು, ಮೊದಲೇ ತಿಳಿಸಿ, ಇಡುವವರಿದ್ದಾರೆ. ಬಟ್ಟೆ, ಚಪ್ಪಲಿಯಂಥ ಅಳತೆ ನೋಡಿ ಕೊಳ್ಳುವ ಸಾಮಾನಿಗೆ ಈ ನಿಯಮ ಗಿರಾಕಿಗಳಿಗೆ ಸಿಟ್ಟು ತರಿಸುವುದುಂಟು.

## ಗೆರೆ ಕೆಲಸ ಮಾಡುತ್ತಿದೆ ಎಂದು ಹೇಗೆ ತಿಳಿಯುವುದು

ಮೊದಲ ಗುರುತು ಅದೇ ಪಟ್ಟಿಯಲ್ಲಿ ಕಾಣುತ್ತದೆ. ಗೆರೆ ಜನರ ಮೇಲೆ ಪರಿಣಾಮ ಬೀರಿದ್ದರೆ, ಗೆರೆಯ ಸ್ವಲ್ಪ ಕೆಳಗೆ ಆರ್ಡರ್‌ಗಳು ಖಾಲಿಯಾಗಿ ಸ್ವಲ್ಪ ಮೇಲೆ ಗುಡ್ಡೆಯಾಗುತ್ತವೆ. ಪಟ್ಟಿಯ ಆಕಾರ ಮೊದಲಿನಂತೆಯೇ ಇದ್ದರೆ ಯಾರೂ ಏನೂ ಸೇರಿಸಿಲ್ಲ, ನೀವು ದಾನ ಮಾತ್ರ ಮಾಡಿದ್ದೀರಿ. ಗುಡ್ಡೆಗೆ ಜನ ಬಂದದ್ದು ಎಲ್ಲಿಂದ ಎಂಬುದನ್ನೂ ನೋಡಿ. ಗೆರೆಗೆ ಅಂಟಿಕೊಂಡಿದ್ದ ಗುಂಪು ಮಾತ್ರ ಕರಗಿದ್ದರೆ ಅದು ನಷ್ಟದ ದಾಟುವಿಕೆ. ಕನಿಷ್ಠ ಸೇರ್ಪಡೆಗಿಂತ ದೂರದ ಗುಂಪೂ ಕರಗಿದ್ದರೆ ಲಾಭದ್ದು.

ಎರಡನೆಯದು ಹಣದ ಅಳತೆ. ಅಂಗಡಿಯ ಪುಟಕ್ಕೆ ನೂರು ಜನ ಬಂದು ಹೋದರೆ, ಕೊರಿಯರ್ ಕಳೆದು ಉಳಿದ ಮಾರ್ಜಿನ್ ಎಷ್ಟು? ಬುಟ್ಟಿ ದೊಡ್ಡದಾದದ್ದು, ಆರ್ಡರ್ ಹೆಚ್ಚಾದದ್ದು ಅಥವಾ ತಗ್ಗಿದ್ದು, ಬಿಟ್ಟುಕೊಟ್ಟ ಚಾರ್ಜ್ ಎಲ್ಲ ಈ ಒಂದು ಅಂಕಿಯೊಳಗೆ ಬಂದುಬಿಡುತ್ತವೆ. ಬರುವವರಲ್ಲಿ ಅರ್ಧ ಜನರಿಗೆ ಒಂದು ಗೆರೆ, ಉಳಿದರ್ಧಕ್ಕೆ ಇನ್ನೊಂದು ತೋರಿಸಿ ಹೋಲಿಸುವುದು ಒಳ್ಳೆಯ ದಾರಿ. ಆ ಸೌಲಭ್ಯ ಇಲ್ಲದ ಸಣ್ಣ ಅಂಗಡಿ ಒಂದು ವಾರ 700, ಮುಂದಿನ ವಾರ 1000 ಎಂದು ಬದಲಿಸುತ್ತಾ ಎಂಟು ವಾರ ನೋಡಬಹುದು. ಹಬ್ಬ, ರಿಯಾಯಿತಿ ಮಾರಾಟದ ವಾರಗಳನ್ನು ಬಿಟ್ಟುಬಿಡಬೇಕು.

ಇಲ್ಲಿ ಒಂದು ಕಣ್ಕಟ್ಟು ಇದೆ. ಕೆಲವರು ಹೆಚ್ಚು ಕೊಳ್ಳುವುದಿಲ್ಲ, ಎರಡು ಸಲ ಕೊಳ್ಳುವುದನ್ನು ಒಂದೇ ಸಲ ಕೊಳ್ಳುತ್ತಾರೆ. ಈ ತಿಂಗಳ ಬುಟ್ಟಿ ಉಬ್ಬುತ್ತದೆ, ಮುಂದಿನ ತಿಂಗಳ ಆರ್ಡರ್ ಮಾಯ. ಅದಕ್ಕೇ ಅದೇ ಗಿರಾಕಿಗಳು ಮೂರು ತಿಂಗಳಲ್ಲಿ ಒಟ್ಟು ಎಷ್ಟು ಕೊಂಡರು ಎಂದೂ ನೋಡಬೇಕು. ಇದು ಪೂರ್ತಿ ನಷ್ಟವೇನಲ್ಲ, ಎರಡು ಪಾರ್ಸೆಲ್ ಬದಲು ಒಂದು ಹೋಯಿತು. ಆದರೆ ಅದನ್ನು ಹೊಸ ಮಾರಾಟ ಎಂದು ಬರೆದುಕೊಳ್ಳುವ ಹಾಗಿಲ್ಲ.

ಒಮ್ಮೆ ಹಾಕಿದ ಗೆರೆ ಶಾಶ್ವತವೂ ಅಲ್ಲ. ಅಮೆಜಾನ್ ಅಮೆರಿಕದಲ್ಲಿ ತನ್ನ ಗೆರೆಯನ್ನು 2013ರಲ್ಲಿ 25 ಡಾಲರ್‌ನಿಂದ 35ಕ್ಕೆ, 2016ರಲ್ಲಿ 49ಕ್ಕೆ ಏರಿಸಿತು. 2017ರಲ್ಲಿ ಮತ್ತೆ 25ಕ್ಕೆ ಇಳಿಸಿತು. ಕೊರಿಯರ್ ದರ ಏರಿದಾಗ, ಮಾರ್ಜಿನ್ ಬದಲಾದಾಗ, ಹೊಸ ಬಗೆಯ ಸಾಮಾನು ಸೇರಿದಾಗ ಮೊದಲ ಭಾಗಾಕಾರವನ್ನು ಮತ್ತೆ ಮಾಡಬೇಕು. ನಮ್ಮ ಅಂಗಡಿಗೆ ಕೊರಿಯರ್ 60ರಿಂದ 72ಕ್ಕೆ ಏರಿದರೆ, 150 ಇದ್ದದ್ದು 180 ಆಗುತ್ತದೆ. 820ರಿಂದ 1040ಕ್ಕೆ ಬರುತ್ತಿದ್ದ ಗಿರಾಕಿಯಿಂದ ಆಗ ಸಿಗುವುದು 28 ಅಲ್ಲ, 16.